ಮೂರು ಪಟ್ಟು ಹಿಗ್ಗಿಸಲು ಮೂರು ದಾರಿ: ಮ್ಯಾಗ್ನಿಫೈಯರ್ ಮತ್ತು ಸ್ಕೇಲಿಂಗ್

ಮಂದದೃಷ್ಟಿ ಇರುವವರು ಕಂಪ್ಯೂಟರ್ ಪರದೆಯನ್ನು ಹೊಂದಿಸಿಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಅಕ್ಷರವನ್ನು ಬರೆಯುವ ಮೊದಲೇ ದೊಡ್ಡದು ಮಾಡಬೇಕೋ, ಬರೆದಾದ ಮೇಲೆ ಹಿಗ್ಗಿಸಬೇಕೋ? ಸ್ಕೇಲಿಂಗ್ ಮೊದಲ ಬಗೆಯದು. ಪ್ರತಿಯೊಂದು ತಂತ್ರಾಂಶಕ್ಕೂ ‘ನಿನ್ನ ಅಕ್ಷರ, ಬಟನ್, ಮೆನು ಎಲ್ಲವನ್ನೂ ಇಷ್ಟು ದೊಡ್ಡದಾಗಿಯೇ ಬರೆ’ ಎಂದು ಅದು ಹೇಳುತ್ತದೆ. ಜಾಗ ಸಾಲದಿದ್ದರೆ ಸಾಲು ಮುರಿದು ಕೆಳಗಿಳಿಯುತ್ತದೆ. ಮ್ಯಾಗ್ನಿಫೈಯರ್ ಹಾಗಲ್ಲ. ಅದು ಪರದೆಯ ಮೇಲೆ ಆಗಲೇ ಮೂಡಿದ ಚಿತ್ರದ ಮೇಲೆ ಹಿಡಿದ ಭೂತಗನ್ನಡಿ. ಸಾಲು ಎಲ್ಲಿತ್ತೋ ಅಲ್ಲಿಯೇ ಇರುತ್ತದೆ, ನಮಗೆ ಅದರ ಒಂದು ತುಂಡು ಮಾತ್ರ ಕಾಣುತ್ತದೆ.

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಪರದೆ 1920×1080 ಪಿಕ್ಸೆಲ್‌ನದು, ಓದಲು ಅಕ್ಷರ ಮೂರು ಪಟ್ಟು ದೊಡ್ಡದಾಗಬೇಕು ಎಂದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು, ಸ್ಕೇಲಿಂಗ್ ಒಂದನ್ನೇ 300% ಮಾಡುವುದು. ಆಗ ತಂತ್ರಾಂಶಗಳ ಪಾಲಿಗೆ ಇಡೀ ಪರದೆ 640×360ರಷ್ಟೇ. ಅಕ್ಷರ ಸ್ಫುಟವಾಗಿರುತ್ತದೆ, ಆದರೆ ಸಾಮಾನ್ಯ ಸಂವಾದ ಪೆಟ್ಟಿಗೆಗಳೂ ಅಷ್ಟು ಜಾಗದಲ್ಲಿ ಹಿಡಿಸುವುದಿಲ್ಲ. ಎರಡನೆಯದು, ಸ್ಕೇಲಿಂಗ್ 100%ರಲ್ಲಿಯೇ ಇಟ್ಟು ಮ್ಯಾಗ್ನಿಫೈಯರನ್ನು 300% ಮಾಡುವುದು. ಈಗಲೂ ಕಣ್ಣಿಗೆ ಬೀಳುವುದು 640×360ರ ತುಂಡೇ, ಆದರೆ ಅದು ಇಡೀ ಪರದೆಯ ಒಂಬತ್ತರಲ್ಲಿ ಒಂದು ಪಾಲು. ಉಳಿದ ಎಂಟು ಪಾಲು ಅಂಚಿನಾಚೆ ಇರುತ್ತದೆ.

ಮೂರನೆಯದು ಬೆರಕೆ: ಸ್ಕೇಲಿಂಗ್ 150%, ಮ್ಯಾಗ್ನಿಫೈಯರ್ 200%. ಒಂದೂವರೆ ಪಟ್ಟಿನ ಎರಡರಷ್ಟು ಎಂದರೆ ಅದೇ ಮೂರು ಪಟ್ಟು. ಕಾಣುವ ತುಂಡೂ ಅಷ್ಟೇ. ಆದರೆ ಪರದೆಯ ವಿನ್ಯಾಸವೇ 1280×720ಕ್ಕೆ ಕುಗ್ಗಿರುವುದರಿಂದ, ಆ ತುಂಡು ಈಗ ನಾಲ್ಕರಲ್ಲಿ ಒಂದು ಪಾಲು. ಅಕ್ಷರದ ಗಾತ್ರ ಬದಲಾಗದೆ, ನಾವು ಹುಡುಕಾಡಬೇಕಾದ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಹೊಸದಾಗಿ ಕಲಿಯುವವರಿಗೆ ನಾನು ಮೊದಲು ತೋರಿಸುವುದು ಈ ಬೆರಕೆಯನ್ನೇ.

ಸ್ಪಷ್ಟತೆಯಲ್ಲೂ ಬೆರಕೆಗೆ ಲಾಭವಿದೆ. 16 ಪಿಕ್ಸೆಲ್ ಎತ್ತರದ ಅಕ್ಷರವನ್ನು ಮೂರು ಪಟ್ಟು ಹಿಗ್ಗಿಸಿದರೆ 48 ಆಗುತ್ತದೆ, ಆದರೆ ಅದರಲ್ಲಿರುವ ವಿವರ 16 ಪಿಕ್ಸೆಲ್‌ನದೇ. ಬೆರಕೆಯಲ್ಲಿ ಅಕ್ಷರ 24 ಪಿಕ್ಸೆಲ್‌ನಲ್ಲಿ ಹೊಸದಾಗಿ ಮೂಡಿ, ಆಮೇಲೆ ಎರಡು ಪಟ್ಟಾಗುತ್ತದೆ. ಕನ್ನಡ ಓದುವಾಗ ಇದು ತಕ್ಷಣ ಗೊತ್ತಾಗುತ್ತದೆ. ‘ಪ’ ಮತ್ತು ‘ಷ’ ಅಕ್ಷರಗಳನ್ನು ಬೇರೆ ಮಾಡುವುದು ಒಳಗಿನ ಒಂದು ಸಣ್ಣ ಗೆರೆ. 16 ಪಿಕ್ಸೆಲ್‌ನಲ್ಲಿ ಆ ಗೆರೆ ಪಕ್ಕದ ಬಳುಕಿಗೆ ಅಂಟಿಕೊಂಡುಬಿಟ್ಟರೆ ಯಾವ ಭೂತಗನ್ನಡಿಯೂ ಅದನ್ನು ಬಿಡಿಸಿ ತೋರಿಸಲಾರದು. ಒತ್ತಕ್ಷರಗಳ ಪಾಡೂ ಹೀಗೆಯೇ. ಮ್ಯಾಗ್ನಿಫೈಯರ್‌ನ ಸೆಟ್ಟಿಂಗ್‌ನಲ್ಲಿ ಅಂಚುಗಳನ್ನು ನಯವಾಗಿಸುವ ಆಯ್ಕೆ ಇದೆ. ಅದು ಮೆಟ್ಟಿಲುಮೆಟ್ಟಿಲಾದ ಅಂಚನ್ನು ಮಬ್ಬಾಗಿಸುತ್ತದೆಯೇ ಹೊರತು ಕಳೆದುಹೋದ ಗೆರೆಯನ್ನು ಮರಳಿ ತರುವುದಿಲ್ಲ. ಸ್ಕೇಲಿಂಗ್ ಹೆಚ್ಚಿಸಿದ ಮೇಲೂ ಒಂದೇ ಒಂದು ತಂತ್ರಾಂಶ ಮಸುಕಾಗಿ ಕಂಡರೆ, ಅದು ಸ್ಕೇಲಿಂಗ್ ಅರಿಯದ ಹಳೆಯದು ಎಂದು ತಿಳಿಯಿರಿ. ಅದರ ಚಿತ್ರವನ್ನು ವಿಂಡೋಸ್ ತಾನೇ ಎಳೆದು ಹಿಗ್ಗಿಸುತ್ತಿರುತ್ತದೆ.

ಹೊಂದಿಸುವ ಕ್ರಮ ಸರಳ. Settings ತೆರೆದು System, ಅದರೊಳಗೆ Display, ಅಲ್ಲಿ Scale ಆಯ್ಕೆಯನ್ನು 150% ಮಾಡಿ. ಆಮೇಲೆ Win ಕೀಲಿಯೊಡನೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ತೆರೆದುಕೊಳ್ಳುತ್ತದೆ, ಮತ್ತೆ ಒತ್ತಿದರೆ ಹಿಗ್ಗುತ್ತದೆ. Win + Esc ಅದನ್ನು ಮುಚ್ಚುತ್ತದೆ. ಮ್ಯಾಗ್ನಿಫೈಯರ್ ಯಾವುದನ್ನು ಹಿಂಬಾಲಿಸಬೇಕು ಎಂಬಲ್ಲಿ ಮೌಸ್ ಜೊತೆಗೆ Keyboard focus ಮತ್ತು Text cursor ಎರಡಕ್ಕೂ ಗುರುತು ಹಾಕಿ. ಇಲ್ಲವಾದರೆ ನೀವು ಟೈಪ್ ಮಾಡುತ್ತಿರುವ ಸಾಲು ಅಂಚು ದಾಟಿ ಹೋದರೂ ಭೂತಗನ್ನಡಿ ಮೌಸ್ ಬಳಿಯೇ ನಿಂತಿರುತ್ತದೆ.

ಹೀಗೆ ಬಳಸುವಾಗ ಎಲ್ಲರೂ ಒಮ್ಮೆ ಸಿಕ್ಕಿಬೀಳುವ ತೊಡಕೊಂದಿದೆ: ಪೆಟ್ಟಿಗೆಯೊಂದು ತೆರೆದಿದೆ, ಆದರೆ ಅದರ ‘ಉಳಿಸು’ ಬಟನ್ ಎಲ್ಲೂ ಸಿಗುತ್ತಿಲ್ಲ. ತಪ್ಪು ಭೂತಗನ್ನಡಿಯದೋ ಸ್ಕೇಲಿಂಗ್‌ನದೋ ತಿಳಿಯಲು Ctrl + Alt + Space ಒತ್ತಿ. ಪೂರ್ಣ ಪರದೆಯ ವೀಕ್ಷಣೆಯಲ್ಲಿದ್ದರೆ ಇಡೀ ಪರದೆ ಒಂದು ಕ್ಷಣ ಮೂಲ ಗಾತ್ರದಲ್ಲಿ ಕಾಣುತ್ತದೆ. ಬಟನ್ ಅಲ್ಲಿ ಕಂಡರೆ ಅದು ಭೂತಗನ್ನಡಿಯ ಆಚೆ ಇತ್ತು ಅಷ್ಟೇ, ಮೌಸನ್ನು ಅತ್ತ ಒಯ್ದರೆ ಸಾಕು. ಆಗಲೂ ಕಾಣದೆ ಪೆಟ್ಟಿಗೆಯ ಕೆಳಭಾಗವೇ ಕತ್ತರಿಸಿದಂತಿದ್ದರೆ, 720ರ ಎತ್ತರದಲ್ಲಿ ಹಿಡಿಸದೆ ಅದು ಪರದೆಯ ಹೊರಗೆ ಬಿದ್ದಿದೆ. ಭೂತಗನ್ನಡಿಯನ್ನು ಎಷ್ಟು ಸರಿಸಿದರೂ ಸಿಗುವುದಿಲ್ಲ. Alt + Space ಒತ್ತಿ, ಬರುವ ಪಟ್ಟಿಯಲ್ಲಿ Move ಆರಿಸಿ, ಮೇಲ್ಮುಖ ಬಾಣದ ಕೀಲಿಯಿಂದ ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳಿದರೆ ಬಟನ್ ಒಳಗೆ ಬರುತ್ತದೆ. ದಿನವೂ ಇದೇ ಆಗುತ್ತಿದ್ದರೆ ಸ್ಕೇಲಿಂಗನ್ನು 125%ಕ್ಕೆ ಇಳಿಸಿ, ಕಡಿಮೆಯಾದಷ್ಟನ್ನು ಮ್ಯಾಗ್ನಿಫೈಯರ್‌ನಲ್ಲಿ ಏರಿಸಿಕೊಳ್ಳಿ.