ಚೆಕ್ ವಾಪಸ್ ಬಂತು, ಕಾರಣ ಹೇಳಲಿಲ್ಲ, ಶುಲ್ಕ ಮಾತ್ರ ಮುರಿದುಕೊಂಡರು: ಆ ಹಣ ಕೇಳಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮಂಡಿಯವರು ಕೊಟ್ಟ ₹86,400ರ ಚೆಕ್ಕನ್ನು ಸೋಮವಾರ ನನ್ನ ಬ್ಯಾಂಕಿನ ಕೌಂಟರಿನಲ್ಲಿ ಕಟ್ಟಿದೆ. ಮರುದಿನ ಮೊಬೈಲಿಗೆ ₹177 ಕಡಿತವಾದ ಸಂದೇಶ ಬಂತು. ಹೋಗಿ ಕೇಳಿದರೆ "ಚೆಕ್ ರಿಟರ್ನ್ ಆಗಿದೆ, ಕಾರಣ ಅವರ ಬ್ಯಾಂಕಿನವರನ್ನೇ ಕೇಳಿ" ಎಂದರು. ಮಂಡಿ ಸಾಹುಕಾರರು ತಮ್ಮ ಖಾತೆಯಲ್ಲಿ ಸಾಕಷ್ಟು ಹಣವಿದೆ ಎಂದು ಪಾಸ್‌ಬುಕ್ಕನ್ನೇ ತೋರಿಸಿದರು. ಕಾರಣವನ್ನು ಬರವಣಿಗೆಯಲ್ಲಿ ಕೇಳುವ ಹಕ್ಕು ನನಗಿದೆಯೇ? ಶುಲ್ಕ ವಾಪಸ್ ಬರುತ್ತದೆಯೇ?

ಉತ್ತರ: ಕಾರಣ ಕೇಳುವ ಹಕ್ಕು ಖಂಡಿತ ಇದೆ. ಶುಲ್ಕ ವಾಪಸ್ ಬರುತ್ತದೆಯೋ ಇಲ್ಲವೋ ಎಂಬುದು ಆ ಕಾರಣ ಏನು ಎನ್ನುವುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಕಾರಣವನ್ನು ಕೈಗೆ ತೆಗೆದುಕೊಳ್ಳಿ, ₹177ರ ಜಗಳ ಆಮೇಲೆ.

ನಾನು ಬಹಳ ವರ್ಷ ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಕೂತವನು. "ಕಾರಣ ಅವರ ಬ್ಯಾಂಕನ್ನೇ ಕೇಳಿ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಅದು ಸರಿಯಾದ ಉತ್ತರವಲ್ಲ. ಈಗ ಚೆಕ್ಕಿನ ಕಾಗದ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ನೀವು ಕಟ್ಟಿದ ಚೆಕ್ಕನ್ನು ನಿಮ್ಮ ಬ್ಯಾಂಕೇ ಸ್ಕ್ಯಾನ್ ಮಾಡಿ ಚಿತ್ರವನ್ನು ಕಳಿಸುತ್ತದೆ, ಕಾಗದ ಅಲ್ಲೇ ಉಳಿಯುತ್ತದೆ. ಇದಕ್ಕೆ ಸಿಟಿಎಸ್, ಅಂದರೆ ಚೆಕ್ ಟ್ರಂಕೇಶನ್ ವ್ಯವಸ್ಥೆ ಎನ್ನುತ್ತಾರೆ. ಮಂಡಿಯವರ ಬ್ಯಾಂಕು ಆ ಚಿತ್ರ ನೋಡಿ ಹಣ ಕೊಡುತ್ತದೆ, ಇಲ್ಲವೇ ಎರಡಂಕಿಯ ಒಂದು ಸಂಖ್ಯೆಯ ಜೊತೆ ತಿರಸ್ಕರಿಸುತ್ತದೆ. ಆ ಸಂಖ್ಯೆಯೇ ಕಾರಣ. 01 ಎಂದರೆ ಖಾತೆಯಲ್ಲಿ ಹಣ ಸಾಲದು, 12 ಎಂದರೆ ಸಹಿ ಹೊಂದುತ್ತಿಲ್ಲ, ಹೀಗೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಅದು ಬಂದು ತಲುಪುವುದು ನಿಮ್ಮ ಬ್ಯಾಂಕಿನ ಕಂಪ್ಯೂಟರಿಗೆ. ಅದನ್ನು ಮುದ್ರಿಸಿ, ಮೂಲ ಚೆಕ್ಕಿನ ಜೊತೆ ನಿಮ್ಮ ಕೈಗೆ ಕೊಡಬೇಕಾದ್ದು ನಿಮ್ಮ ಬ್ಯಾಂಕಿನ ಕೆಲಸ. ಆ ಚೀಟಿಯ ಹೆಸರು ರಿಟರ್ನ್ ಮೆಮೊ. ವಾಪಸಾದ ಚೆಕ್ಕನ್ನು ತಡಮಾಡದೆ, ಹೆಚ್ಚೆಂದರೆ 24 ಗಂಟೆಯೊಳಗೆ, ಗ್ರಾಹಕರಿಗೆ ಕಳಿಸಬೇಕೆಂದು ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ಹೇಳಿದೆ.

ಹಾಗಾಗಿ ಕೌಂಟರಿಗೆ ಹೋಗಿ "ಯಾಕೆ ವಾಪಸ್ ಬಂತು ಸಾರ್" ಎಂದು ಕೇಳುವ ಬದಲು "ನನ್ನ ಮೂಲ ಚೆಕ್ಕು ಮತ್ತು ರಿಟರ್ನ್ ಮೆಮೊ ಕೊಡಿ" ಎಂದು ಕೇಳಿ. ಮೊದಲನೆಯದಕ್ಕೆ ಬಾಯಿಮಾತಿನ ಉತ್ತರ ಸಾಕಾಗುತ್ತದೆ. ಎರಡನೆಯದಕ್ಕೆ ಕಾಗದ ಕೊಡಲೇಬೇಕು.

ಪ್ರಶ್ನೆ ಕಳಿಸಿದವರಿಗೆ ನಾನು ಇದನ್ನೇ ಹೇಳಿದೆ. ಮೂರನೇ ಸಲ ಹೋದಾಗ ಮೆಮೊ ಸಿಕ್ಕಿತು. ಅದರಲ್ಲಿ ಇದ್ದ ಸಂಖ್ಯೆ 39. ಅದರ ಅರ್ಥ: ಚಿತ್ರ ಸ್ಪಷ್ಟವಾಗಿಲ್ಲ, ಕಾಗದದ ಜೊತೆ ಮತ್ತೆ ಹಾಜರುಪಡಿಸಿ. ಚೆಕ್ಕಿನ ಫೋಟೋವನ್ನೂ ಕಳಿಸಿದ್ದರು. ನೋಡಿದ ಕೂಡಲೇ ಕಥೆ ಗೊತ್ತಾಯಿತು. ಶಾಖೆಯ ನೀಲಿ ಶಾಯಿಯ ಮೊಹರು, ಅಂಕಿಯಲ್ಲಿ ಮೊತ್ತ ಬರೆದ ಚೌಕದ ಮೇಲೇ ಬಿದ್ದಿತ್ತು. ಬರಿಗಣ್ಣಿಗೆ 86,400 ಓದಲು ಬರುತ್ತದೆ. ಆದರೆ ಸ್ಕ್ಯಾನರು ಚೆಕ್ಕಿನ ಮುಂಭಾಗವನ್ನು ಒಮ್ಮೆ ಬೂದುಛಾಯೆಯಲ್ಲಿ, ಇನ್ನೊಮ್ಮೆ ಬರೀ ಕಪ್ಪು ಬಿಳುಪಿನಲ್ಲಿ ತೆಗೆಯುತ್ತದೆ. ಕಪ್ಪು ಬಿಳುಪಿನಲ್ಲಿ ನೀಲಿ ಮೊಹರೂ ಕಪ್ಪು, ಅಂಕಿಯೂ ಕಪ್ಪು. ಆ ಕಡೆ ಕುಳಿತವರಿಗೆ ಕಂಡದ್ದು ಒಂದು ಮಸಿಯ ಮುದ್ದೆ. ರಬ್ಬರ್ ಮೊಹರು ದಿನಾಂಕ, ಹೆಸರು, ಮೊತ್ತ, ಸಹಿಯನ್ನು ಮರೆಮಾಡದಂತೆ ಎಚ್ಚರವಹಿಸಬೇಕೆಂಬ ಸೂಚನೆ ಬ್ಯಾಂಕುಗಳಿಗೆ ಇದ್ದೇ ಇದೆ.

ಅಂದರೆ ತಪ್ಪು ಮಂಡಿಯವರದಲ್ಲ, ರೈತರದಂತೂ ಅಲ್ಲವೇ ಅಲ್ಲ. ಮೊಹರು ಹೊಡೆದದ್ದು ಬ್ಯಾಂಕು, ಸ್ಕ್ಯಾನ್ ಮಾಡಿದ್ದು ಬ್ಯಾಂಕು, ಹಣ ಮುರಿದುಕೊಂಡದ್ದು ಖಾತೆದಾರರಿಂದ. ಇದು ನನಗೆ ಸಹಿಸಲಾಗದ ಸಂಗತಿ.

ಇಲ್ಲಿ ನಿಮ್ಮ ಕೈಗೆ ಒಂದು ಗಟ್ಟಿ ನಿಯಮವಿದೆ. ಗ್ರಾಹಕರ ತಪ್ಪಿನಿಂದ ಚೆಕ್ ವಾಪಸಾದಾಗ ಮಾತ್ರ ಶುಲ್ಕ ಹಾಕಬೇಕು ಎಂಬುದು ರಿಸರ್ವ್ ಬ್ಯಾಂಕಿನ ಆದೇಶ. ಗ್ರಾಹಕರ ತಪ್ಪಲ್ಲದ ಕಾರಣಗಳು ಯಾವುವು ಎಂಬ ಮಾದರಿ ಪಟ್ಟಿಯನ್ನೂ 2010ರಲ್ಲೇ ಕೊಟ್ಟಿದೆ. 39 ಆ ಪಟ್ಟಿಯಲ್ಲಿದೆ. ಒಂದೇ ಚೆಕ್ಕನ್ನು ಎರಡು ಸಲ ಪಟ್ಟಿ ಮಾಡಿದ್ದು, ಬೇರೆ ಬ್ಯಾಂಕಿಗೆ ತಪ್ಪಾಗಿ ಕಳಿಸಿದ್ದು, ಸಂಪರ್ಕ ಕಡಿದುಹೋದದ್ದು, ಬ್ಯಾಂಕಿನ ಮೊಹರು ಬಿಟ್ಟುಹೋದದ್ದು ಇವೆಲ್ಲವೂ ಅದರಲ್ಲಿವೆ. ಜೊತೆಗೆ, ನಿಮ್ಮನ್ನು ಮತ್ತೆ ಕೇಳುವ ಅಗತ್ಯವಿಲ್ಲದೆ ಸರಿಪಡಿಸಬಹುದಾದ ಚೆಕ್ಕನ್ನು ಬ್ಯಾಂಕೇ ರಜೆ ಬಿಟ್ಟು 24 ಗಂಟೆಯೊಳಗೆ ಮುಂದಿನ ಕ್ಲಿಯರಿಂಗಿಗೆ ಕಳಿಸಿ, ಹಾಗೆ ಮಾಡಿದ್ದನ್ನು ನಿಮಗೆ ಸಂದೇಶದ ಮೂಲಕ ತಿಳಿಸಬೇಕು. ಈ ಚೆಕ್ಕಿನ ವಿಷಯದಲ್ಲಿ ಎರಡೂ ಆಗಿರಲಿಲ್ಲ.

ಆದರೆ ಮೆಮೊದಲ್ಲಿ 88 ಎಂದಿದ್ದರೆ? ಆ ಸಂಖ್ಯೆಯ ಅರ್ಥ "ಇತರೆ ಕಾರಣ", ಅದರ ಮುಂದೆಯೇ "ಏನೆಂದು ನಮೂದಿಸಿ" ಎಂದೂ ಇದೆ. ಬರೀ "ಇತರೆ ಕಾರಣ" ಎಂದು ಬರೆದ ಮೆಮೊ ಅರ್ಧ ಮೆಮೊ. ಅದನ್ನು ಒಪ್ಪಿಕೊಂಡು ಮನೆಗೆ ಬರಬೇಡಿ, ಆ ಇತರೆ ಕಾರಣ ಯಾವುದೆಂದು ಪತ್ರದಲ್ಲೇ ಕೇಳಿ. ದೊಡ್ಡ ಮೊತ್ತದ ಚೆಕ್ಕಾದರೆ, ಕೊಟ್ಟವರು ಪಾಸಿಟಿವ್ ಪೇ ವಿವರವನ್ನು, ಅಂದರೆ ಚೆಕ್ಕಿನ ದಿನಾಂಕ, ಹೆಸರು, ಮೊತ್ತವನ್ನು, ಮೊದಲೇ ತಮ್ಮ ಬ್ಯಾಂಕಿಗೆ ತಿಳಿಸಿದ್ದಾರೆಯೇ ಎಂದೂ ಅವರನ್ನು ವಿಚಾರಿಸಿ. ₹50,000 ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳಿಗೆ 2021ರ ಜನವರಿಯಿಂದ ಈ ವ್ಯವಸ್ಥೆ ಇದೆ. ₹5 ಲಕ್ಷ ಮತ್ತು ಮೇಲಿನವಕ್ಕೆ ಬ್ಯಾಂಕು ಅದನ್ನು ಕಡ್ಡಾಯ ಮಾಡಬಹುದು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕಾರಣ 01 ಆಗಿದ್ದರೆ ಶುಲ್ಕದ ವಾದ ಇಷ್ಟು ಸುಲಭವಲ್ಲ. ಚೆಕ್ ಕೊಟ್ಟವರ ಖಾತೆಯಲ್ಲಿ ಹಣವಿಲ್ಲದ್ದು ನಿಮ್ಮ ತಪ್ಪಲ್ಲ ನಿಜ, ಆದರೆ ಅನೇಕ ಬ್ಯಾಂಕುಗಳ ಶುಲ್ಕಪಟ್ಟಿಯಲ್ಲಿ ಕಟ್ಟಿದವರಿಗೂ ಒಂದು ಮೊತ್ತ ಇರುತ್ತದೆ. ಆಗ ಅದನ್ನು ಚೆಕ್ ಕೊಟ್ಟವರಿಂದ ಕೇಳಿ ಪಡೆಯುವುದೇ ಹತ್ತಿರದ ದಾರಿ. ದಿನಾಂಕ ಮೀರಿದ ಅಥವಾ ಇನ್ನೂ ದಿನಾಂಕ ಬಾರದ ಚೆಕ್ಕನ್ನು ನೀವೇ ಕಟ್ಟಿದ್ದರೆ ಶುಲ್ಕ ನಿಮ್ಮದೇ. 01ರ ಮೆಮೊ ಬಂದರೆ ಅದು ಕೈಗೆ ಬಂದ ದಿನವನ್ನು ಬರೆದಿಟ್ಟುಕೊಳ್ಳಿ. ಚೆಕ್ ಬೌನ್ಸ್ ಪ್ರಕರಣ ಹೂಡುವುದಾದರೆ ಆ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು.

ಈಗ ಪತ್ರ. ಶಾಖೆಯ ವ್ಯವಸ್ಥಾಪಕರಿಗೆ, ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕರಿಸಿದ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ನಮ್ಮ ಬೆಳೆಗಾರರು ಕೊಟ್ಟ ಪತ್ರದ ತಿರುಳು ಹೀಗಿತ್ತು:

> ನನ್ನ ಉಳಿತಾಯ ಖಾತೆಗೆ ಇಂಥ ದಿನ ಕಟ್ಟಿದ, ಇಂಥ ಸಂಖ್ಯೆಯ, ₹86,400ರ ಚೆಕ್ಕು ಕಾರಣ 39ರ ಮೇಲೆ ವಾಪಸಾಗಿದೆ. ಮೊತ್ತದ ಮೇಲೆ ಬಿದ್ದಿರುವ ಮೊಹರು ತಮ್ಮ ಶಾಖೆಯದು. ಚೆಕ್ಕಿನ ಮತ್ತು ಮೆಮೊದ ನಕಲು ಲಗತ್ತಿಸಿದೆ. ಗ್ರಾಹಕರ ತಪ್ಪಿಲ್ಲದ ವಾಪಸಾತಿಗೆ ಶುಲ್ಕ ವಿಧಿಸಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದ್ದರಿಂದ (1) ಚೆಕ್ಕು ಏಕೆ ವಾಪಸಾಯಿತು, 24 ಗಂಟೆಯೊಳಗೆ ಏಕೆ ಮತ್ತೆ ಕಳಿಸಲಿಲ್ಲ ಎಂಬುದನ್ನು ಲಿಖಿತವಾಗಿ ತಿಳಿಸಿ. (2) ಶುಲ್ಕ ₹150 ಮತ್ತು ಅದರ ಮೇಲಿನ ಜಿಎಸ್‌ಟಿ ₹27, ಒಟ್ಟು ₹177 ಖಾತೆಗೆ ಮರಳಿಸಿ. (3) ತಡವಾದ ದಿನಗಳಿಗೆ ತಮ್ಮ ಚೆಕ್ ಸಂಗ್ರಹಣಾ ನೀತಿಯಂತೆ ಪರಿಹಾರ ಜಮಾ ಮಾಡಿ.

ಜಿಎಸ್‌ಟಿಯನ್ನು ಬೇರೆಯಾಗಿ ಬರೆದದ್ದಕ್ಕೆ ಕಾರಣವಿದೆ. ಶುಲ್ಕ ಮರಳಿಸುವಾಗ ₹150 ಮಾತ್ರ ಹಾಕಿ ತೆರಿಗೆ ಮರೆಯುವುದನ್ನು ಕಂಡಿದ್ದೇನೆ. ಮೂರನೇ ಅಂಶವನ್ನು ಬಹಳ ಜನ ಕೇಳುವುದೇ ಇಲ್ಲ. ಪ್ರತಿ ಬ್ಯಾಂಕಿಗೂ ಚೆಕ್ ಸಂಗ್ರಹಣಾ ನೀತಿ ಇರಬೇಕು, ಸ್ಥಳೀಯ ಚೆಕ್ಕು ತಡವಾದರೆ ಎಷ್ಟು ಕೊಡಬೇಕೆಂದು ಅದರಲ್ಲಿ ಹೇಳಿರದಿದ್ದರೆ ಉಳಿತಾಯ ಖಾತೆಯ ಬಡ್ಡಿದರದಲ್ಲಿ ಕೊಡಬೇಕು. 2025ರ ಅಕ್ಟೋಬರ್ 4ರಿಂದ ಹಗಲಿಡೀ ಚೆಕ್ಕುಗಳು ಹೋಗುತ್ತಿರುತ್ತವೆ, ಆ ಸಂಜೆಯೊಳಗೇ ಉತ್ತರ ಬರುತ್ತದೆ. ಹಾಗಿರುವಾಗ ಈ ಹಣ ಒಂಬತ್ತು ದಿನ ತಡವಾಗಿತ್ತು. ಉಳಿತಾಯ ಬಡ್ಡಿ ವರ್ಷಕ್ಕೆ ಶೇಕಡ 2.5 ಎಂದಿಟ್ಟುಕೊಂಡರೆ ₹86,400ಕ್ಕೆ ಒಂಬತ್ತು ದಿನಕ್ಕೆ ಸುಮಾರು ₹53. ಸಣ್ಣ ಮೊತ್ತವೇ, ಆದರೂ ಅದು ಬೆಳೆಗಾರರದ್ದು.

ಚೆಕ್ಕಿನ ಆಯುಷ್ಯವನ್ನೂ ಮರೆಯಬೇಡಿ. ಬರೆದ ದಿನಾಂಕದಿಂದ ಮೂರೇ ತಿಂಗಳು. ಪತ್ರದ ಉತ್ತರಕ್ಕೆ ಕಾಯುತ್ತಾ ಚೆಕ್ಕನ್ನು ಮನೆಯಲ್ಲಿಟ್ಟುಕೊಂಡರೆ ಅವಧಿ ಮುಗಿದುಹೋದೀತು. ಮೊಹರು ಬಿದ್ದ ಚೆಕ್ಕು ಮತ್ತೆ ಸ್ಕ್ಯಾನಿನಲ್ಲಿ ಓದದೆ ಹೋಗಬಹುದು, ಹಾಗಾಗಿ ಮಂಡಿಯವರಿಗೆ ಮೆಮೊ ತೋರಿಸಿ, ಹಳೆಯದನ್ನು ಮರಳಿಸಿ ಹೊಸ ಚೆಕ್ಕು ಪಡೆಯುವುದೇ ಒಳ್ಳೆಯದು. ಮರಳಿಸುವ ಮೊದಲು ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಆ ಮೊಹರಿನ ಗುರುತೇ ನಿಮ್ಮ ಸಾಕ್ಷಿ.

ಶಾಖೆ ಸುಮ್ಮನಿದ್ದರೆ ಅದೇ ದೂರನ್ನು ಬ್ಯಾಂಕಿನ ಆ್ಯಪ್ ಅಥವಾ ಗ್ರಾಹಕ ಸೇವೆಯಲ್ಲಿ ದಾಖಲಿಸಿ, ದೂರಿನ ಸಂಖ್ಯೆ ಪಡೆಯಿರಿ. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ಆದರೆ ಬ್ಯಾಂಕಿಗೆ ಮೊದಲು ಬರೆದದ್ದಕ್ಕೆ ದಾಖಲೆ ಇಲ್ಲದೆ ಅಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ. ಮೊಹರು ಹಾಕಿಸಿಕೊಂಡ ಆ ಎರಡನೇ ಪ್ರತಿ ಬೇಕಾಗುವುದು ಇಲ್ಲಿಯೇ.

ನಮ್ಮ ಬೆಳೆಗಾರರಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಪತ್ರ ಕೊಟ್ಟ ಆರನೇ ದಿನ ಖಾತೆಗೆ ₹150 ಬಂತು. ₹27 ಮತ್ತು ತಡವಾದ ಬಡ್ಡಿ ಬಂದಿಲ್ಲವೆಂದು ಅದೇ ಪ್ರತಿಯನ್ನು ಹಿಡಿದು ಮತ್ತೆ ಹೋದರು. ಹತ್ತು ದಿನದ ನಂತರ ಆ ಎರಡೂ ಜಮೆಯಾದವು, ಜೊತೆಗೆ "ಮೊಹರಿನಿಂದ ಚಿತ್ರ ಅಸ್ಪಷ್ಟವಾಗಿತ್ತು" ಎಂದು ಎರಡು ಸಾಲಿನ ಉತ್ತರವೂ ಬಂತು.