ಹಾವು ಕಚ್ಚಿದ ಕಾಲಿಗೆ ಬಿಗಿದ ಹಗ್ಗ

ಕೊಳಕುಮಂಡಲ ಕಚ್ಚಿದ ವ್ಯಕ್ತಿಯೊಬ್ಬರನ್ನು ಮೂರು ಗಂಟೆಗಳ ನಂತರ ನಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದರು. ಮೀನಖಂಡಕ್ಕೂ ತೊಡೆಗೂ ನೈಲಾನ್ ಹಗ್ಗ ಬಿಗಿದಿದ್ದರು, ಪಾದದ ಮೇಲಿನ ಹಲ್ಲಿನ ಗುರುತುಗಳನ್ನು ಬ್ಲೇಡಿನಿಂದ ಸೀಳಿದ್ದರು. ಆ ಸೀಳಿನಿಂದ ರಕ್ತ ಇನ್ನೂ ಒಸರುತ್ತಿತ್ತು. "ವಿಷ ಮೇಲೇರಬಾರದೆಂದು ಕಟ್ಟಿದ್ದೇವೆ, ದಯವಿಟ್ಟು ಬಿಚ್ಚಬೇಡಿ ಡಾಕ್ಟ್ರೇ" ಎಂದು ಅವರ ಅಣ್ಣ ಕೈಮುಗಿದು ಬೇಡಿಕೊಂಡರು. ತಮ್ಮನನ್ನು ಉಳಿಸಿಕೊಳ್ಳಲೆಂದೇ ಕಟ್ಟಿದ್ದವರನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ಇದೇ ದೃಶ್ಯವನ್ನು ಮತ್ತೆ ಮತ್ತೆ ಕಂಡು ನನ್ನ ತಾಳ್ಮೆ ಸೋತಿದೆ.

ಮಂಡಲದ ಹಾವು ವಿಷವನ್ನು ಚರ್ಮದ ಮೇಲೆ ಬಿಟ್ಟು ಹೋಗುವುದಿಲ್ಲ. ಉದ್ದನೆಯ, ಬಾಗಿದ, ಟೊಳ್ಳಾದ ಹಲ್ಲುಗಳ ಮೂಲಕ ಅದನ್ನು ಮಾಂಸದೊಳಕ್ಕೆ ಚುಚ್ಚುತ್ತದೆ. ಹಲ್ಲು ಹೊರಬಂದೊಡನೆ ಆ ಕಿರುದಾರಿ ಮುಚ್ಚಿಕೊಳ್ಳುತ್ತದೆ, ವಿಷವು ಅಂಗಾಂಶದಲ್ಲಿ ಹರಡಿಕೊಳ್ಳುತ್ತದೆ. ಬಾಯಿಯಿಂದ ಹೀರಿದಾಗ ಬರುವುದು ಬಹುಮಟ್ಟಿಗೆ ರಕ್ತ ಮತ್ತು ಅಂಗಾಂಶದ ನೀರು. ಇನ್ನು ಕೊಯ್ಯುವುದಂತೂ ಕೊಳಕುಮಂಡಲದ ಕಡಿತದಲ್ಲಿ ದೊಡ್ಡ ಅಪಾಯ, ಏಕೆಂದರೆ ಅದರ ವಿಷವು ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನೇ ಬರಿದು ಮಾಡುತ್ತದೆ. ಬೇರೆ ದಿನವಾಗಿದ್ದರೆ ಐದು ನಿಮಿಷದಲ್ಲಿ ನಿಲ್ಲುತ್ತಿದ್ದ ಗೀರು ಆಗ ಗಂಟೆಗಟ್ಟಲೆ ಸುರಿಯುತ್ತದೆ.

ಜನರು ಅತಿ ಹೆಚ್ಚು ನಂಬುವುದು ಮಾತ್ರ ಹಗ್ಗವನ್ನು. ಆದ್ದರಿಂದ ಅದನ್ನು ಬಿಡಿಸಿ ಹೇಳಬೇಕು. ವಿಷದ ಬಹುಪಾಲು ಮೊದಲು ದುಗ್ಧರಸ ನಾಳಗಳ ಮೂಲಕ ಸಾಗುತ್ತದೆ. ಸ್ನಾಯುಗಳು ಅಲುಗಾಡಿದಷ್ಟೂ ಅದರ ವೇಗ ಹೆಚ್ಚುತ್ತದೆ. ಕಾಲನ್ನು ಹಲಗೆಗೆ ಕಟ್ಟಿ ಅಲ್ಲಾಡದಂತೆ ಇರಿಸಿ, ನಡೆಸದೆ ಹೊತ್ತು ತರುವುದು ಪ್ರಯೋಜನಕಾರಿಯಾಗುವುದು ಇದೇ ಕಾರಣಕ್ಕೆ. ಬಿಗಿಯಾದ ಹಗ್ಗವು ವಿಷವನ್ನು ನಂಬುವಂತೆ ತಡೆಯದೆ ಕಾಲಿನ ರಕ್ತಸಂಚಾರವನ್ನು ಮಾತ್ರ ಕೆಡಿಸುತ್ತದೆ. ಮಂಡಲದ ವಿಷಕ್ಕೆ ಮಾಂಸವನ್ನು ಕೊಳೆಸುವ ಗುಣವೂ ಇರುವುದರಿಂದ, ಅದನ್ನು ಒಂದೇ ಕಡೆ ಕೂಡಿಹಾಕಿದರೆ ಊತವೂ ಕೊಳೆಯುವಿಕೆಯೂ ಹೆಚ್ಚಾಗಬಹುದು. ಹಾಗೆಂದು ದಾರಿಯಲ್ಲಿ ಅದನ್ನು ತಟಕ್ಕನೆ ಬಿಚ್ಚುವುದೂ ಸುರಕ್ಷಿತವಲ್ಲ. ಕೆಳಗೆ ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗಿದರೆ ರಕ್ತದೊತ್ತಡ ಕುಸಿಯಬಹುದು, ನಾಗರಹಾವಿನಂಥ ಹಾವಾಗಿದ್ದರೆ ಉಸಿರಾಟವೇ ನಿಲ್ಲಬಹುದು.

"ನಮ್ಮವರೊಬ್ಬರು ಕಟ್ಟಿದ್ದರಿಂದಲೇ ಬದುಕಿದರು" ಎಂದು ಹೇಳುವವರಿದ್ದಾರೆ. ವಿಷವಿಲ್ಲದ ಹಾವುಗಳೂ ಕಚ್ಚುತ್ತವೆ, ವಿಷದ ಹಾವು ಕಚ್ಚಿಯೂ ವಿಷ ಬಿಡದಿರುವುದು ಅಪರೂಪವಲ್ಲ. ಅಂಥವರು ಏನು ಮಾಡಿದ್ದರೂ ಬದುಕುತ್ತಿದ್ದರು.

ನಮ್ಮ ರೋಗಿಯ ಹಗ್ಗವನ್ನು ನಾವು ಕೂಡಲೇ ಬಿಚ್ಚಲಿಲ್ಲ. ಮೊದಲು ಕೈಯ ರಕ್ತನಾಳಕ್ಕೆ ಡ್ರಿಪ್ ಹಾಕಿ, 2 ಮಿಲಿಲೀಟರ್ ರಕ್ತ ತೆಗೆದು ಒಣಗಿದ, ಶುಚಿಯಾದ ಗಾಜಿನ ಕೊಳವೆಯಲ್ಲಿ ಅಲ್ಲಾಡಿಸದೆ 20 ನಿಮಿಷ ಇಟ್ಟೆವು. ಕೊಳವೆ ಗಾಜಿನದೇ ಆಗಿರಬೇಕು, ಏಕೆಂದರೆ ಗಾಜಿನ ಮೈ ಹೆಪ್ಪುಗಟ್ಟುವಿಕೆಯನ್ನು ಪ್ರಚೋದಿಸುತ್ತದೆ. ಪ್ಲಾಸ್ಟಿಕ್ ಅಥವಾ ಸೋಪಿನ ಅಂಶ ಉಳಿದ ಕೊಳವೆ ತಪ್ಪು ಉತ್ತರ ಕೊಡುತ್ತದೆ. ಓರೆ ಮಾಡಿದಾಗ ರಕ್ತ ನೀರಿನಂತೆ ಹರಿಯಿತು. ಪ್ರತಿವಿಷ ಕೊಡಲೇಬೇಕೆಂಬುದು ಖಚಿತವಾಯಿತು.

ಪ್ರತಿವಿಷವೆಂದರೆ ಕುದುರೆಗೆ ಅಲ್ಪ ಪ್ರಮಾಣದ ವಿಷ ಚುಚ್ಚಿ, ಅದರ ರಕ್ತದಲ್ಲಿ ಬೆಳೆದ ಪ್ರತಿಕಾಯಗಳನ್ನು ಬೇರ್ಪಡಿಸಿದ ಔಷಧ. 10 ಸೀಸೆಗಳ ಪುಡಿಯನ್ನು ನೊರೆ ಬಾರದಂತೆ ಮೆಲ್ಲನೆ ತಿರುಗಿಸಿ ಕರಗಿಸಿದೆವು, ಸಲೈನಿಗೆ ಸೇರಿಸಿ ಒಂದು ಗಂಟೆಯಲ್ಲಿ ಮುಗಿಯುವಂತೆ ಹರಿಯಬಿಟ್ಟೆವು. ಅದು ಹರಿಯತೊಡಗಿದ ಮೇಲೆಯೇ ಹಗ್ಗಗಳನ್ನು ಒಂದೊಂದಾಗಿ ಸಡಿಲಿಸಿದೆವು. ಮಕ್ಕಳಿಗೂ ಇಷ್ಟೇ ಸೀಸೆಗಳು ಬೇಕು, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ.

ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಅವರ ಮೈಮೇಲೆ ಗಂಧೆಗಳೆದ್ದವು, ವಾಂತಿಯಾಯಿತು. ಕುದುರೆಯ ಪ್ರೋಟೀನಿಗೆ ದೇಹ ಹೀಗೆ ತಿರುಗಿಬೀಳುವುದು ಇದ್ದದ್ದೇ, ಚರ್ಮದ ಮೇಲಿನ ಪರೀಕ್ಷೆಯಿಂದ ಅದನ್ನು ಮೊದಲೇ ತಿಳಿಯಲಾಗದು. ಡ್ರಿಪ್ ನಿಲ್ಲಿಸಿ, ಸಿರಿಂಜಿನಲ್ಲಿ ಸಿದ್ಧವಾಗಿಟ್ಟಿದ್ದ ಅಡ್ರಿನಾಲಿನ್ 0.5 ಮಿಲಿಗ್ರಾಂ ಅನ್ನು ತೊಡೆಯ ಸ್ನಾಯುವಿಗೆ ಚುಚ್ಚಿ, ಅವರು ಚೇತರಿಸಿಕೊಂಡ ಬಳಿಕ ನಿಧಾನವಾಗಿ ಮುಂದುವರಿಸಿದೆವು. ಕೊಡುವಾಗ ಅಡ್ರಿನಾಲಿನ್ ಕೈಗೆಟಕುವಂತಿರಬೇಕಾದ್ದರಿಂದಲೇ ಪ್ರತಿವಿಷವನ್ನು ಮನೆಯಲ್ಲಿ ಕೊಡಲಾಗದು.

ಎರಡು ಗಂಟೆ ಕಳೆದರೂ ಪಾದದ ರಕ್ತ ನಿಲ್ಲದಿದ್ದುದನ್ನು ಕಂಡು ಅಣ್ಣ ಕಂಗಾಲಾದರು. ಪ್ರತಿವಿಷವು ವಿಷವನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆಯೇ ಹೊರತು ಕಳೆದುಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ತಂದುಕೊಡುವುದಿಲ್ಲ. ಅವನ್ನು ಯಕೃತ್ತು ಹೊಸದಾಗಿ ತಯಾರಿಸಬೇಕು, ಅದಕ್ಕೆ ಕೆಲವು ಗಂಟೆಗಳು ಹಿಡಿಯುತ್ತವೆ ಎಂದು ವಿವರಿಸಿದೆ. ಆದ್ದರಿಂದಲೇ ಮತ್ತೆ ಕೊಳವೆ ಪರೀಕ್ಷೆ ಮಾಡುವುದು 6 ಗಂಟೆಗಳ ನಂತರ. ಆಗಲೂ ರಕ್ತ ಹೆಪ್ಪುಗಟ್ಟಿರಲಿಲ್ಲ, ಇನ್ನೂ 10 ಸೀಸೆ ಕೊಟ್ಟೆವು. ಅದಾದ ಮತ್ತೆ 6 ಗಂಟೆಗೆ ಕೊಳವೆಯನ್ನು ಓರೆ ಮಾಡಿದಾಗ ರಕ್ತ ಗಟ್ಟಿಯಾಗಿ ನಿಂತಿತ್ತು, ಪಾದದ ಒಸರುವಿಕೆಯೂ ನಿಂತಿತು. ಈ ಹಾವಿನ ವಿಷ ಮೂತ್ರಪಿಂಡವನ್ನೂ ಕೆಡಿಸಬಲ್ಲದಾದ್ದರಿಂದ ಮೂತ್ರದ ಪ್ರಮಾಣವನ್ನು ಇನ್ನೂ ಕೆಲವು ದಿನ ಅಳೆದೆವು, ಅದು ತಗ್ಗಲಿಲ್ಲ.

ಆದರೆ ಮೀನಖಂಡದ ಹಗ್ಗ ಕಟ್ಟಿದ್ದ ಜಾಗದ ಚರ್ಮ ಕಪ್ಪಾಗಿ ಕಳಚಿತು. ಸತ್ತ ಮಾಂಸವನ್ನು ಪ್ರತಿವಿಷ ಬದುಕಿಸಲಾರದು. ತೊಡೆಯಿಂದ ಚರ್ಮ ತೆಗೆದು ಅಲ್ಲಿ ಕಸಿ ಮಾಡಬೇಕಾಯಿತು. ಅವರು ಮನೆಗೆ ಹೋಗುವುದು ತಡವಾದದ್ದು ಆ ಗಾಯದಿಂದ.