ಫ್ಲಶ್ ಸಾಲಿನಲ್ಲಿ ನಾಲ್ಕಿದೆಯೋ, ಮೂರಿದೆಯೋ?

ಥ್ರೀ ಕಾರ್ಡ್ ಪೋಕರ್ ಆಡಿ ಬಂದವರನ್ನು ಕೇಳಿ ನೋಡಿ: ಪೇರ್ ಪ್ಲಸ್ ಬೆಟ್‌ನಲ್ಲಿ ಸ್ಟ್ರೇಟ್ ಫ್ಲಶ್‌ಗೆ ಎಷ್ಟು ಕೊಡುತ್ತಿದ್ದರು? ‘ಒಂದಕ್ಕೆ ನಲವತ್ತು’ ಎಂಬ ಉತ್ತರ ತಕ್ಷಣ ಬರುತ್ತದೆ. ಬರೀ ಫ್ಲಶ್‌ಗೆ, ಅಂದರೆ ಮೂರೂ ಎಲೆ ಒಂದೇ ಜಾತಿಯದಾಗಿದ್ದರೆ, ಎಷ್ಟಿತ್ತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ನಾಲ್ಕಿರಬೇಕು, ಮೂರೋ ಏನೋ ಎನ್ನುತ್ತಾರೆ. ಆ ಬೆಟ್‌ನ ಹಣೆಬರಹವೆಲ್ಲ ಇರುವುದು ಅವರು ನೋಡದೇ ಬಿಟ್ಟ ಆ ಒಂದು ಸಾಲಿನಲ್ಲಿ.

ಕರ್ನಾಟಕದಲ್ಲಿ ದುಡ್ಡು ಕಟ್ಟಿ ಇಸ್ಪೀಟು ಆಡಿದರೆ ಪೊಲೀಸರು ಬರುತ್ತಾರೆ. ಹಾಗಾಗಿ ನಮ್ಮವರಲ್ಲಿ ಹೆಚ್ಚಿನವರಿಗೆ ಈ ಟೇಬಲ್ ಮೊದಲು ಕಾಣುವುದು ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳಲ್ಲಿ, ಇಲ್ಲವೇ ಅಮೆರಿಕಕ್ಕೆ ಹೋದಾಗ ಲಾಸ್ ವೇಗಸ್‌ನಲ್ಲಿ. ತೀನ್ ಪತ್ತಿ ಬಲ್ಲವರು ‘ಇದು ನಮ್ಮದೇ ಆಟ’ ಎಂದುಕೊಂಡು ಕೂರುತ್ತಾರೆ. ಪೂರ್ತಿ ಹಾಗಲ್ಲ. ಬ್ರಿಟನ್ನಿನ ಡೆರೆಕ್ ವೆಬ್ 1994ರಲ್ಲಿ ರೂಪಿಸಿದ ಈ ಆಟದಲ್ಲಿ ಎದುರಾಳಿ ಪಕ್ಕದಲ್ಲಿ ಕೂತವನಲ್ಲ, ಡೀಲರ್. ಇಲ್ಲಿ ಬ್ಲಫ್ ಇಲ್ಲ, ಬ್ಲೈಂಡ್ ಏರಿಸಿ ಹೆದರಿಸುವುದೂ ಇಲ್ಲ. ಪ್ಯೂರ್ ಸೀಕ್ವೆನ್ಸ್, ಅಂದರೆ ಇಲ್ಲಿನ ಸ್ಟ್ರೇಟ್ ಫ್ಲಶ್, ಟ್ರಯಲ್‌ಗಿಂತ ಮೇಲೆ. ಎಕ್ಕ-2-3 ಸೀಕ್ವೆನ್ಸ್‌ಗಳಲ್ಲೆಲ್ಲ ಚಿಕ್ಕದು.

ಬೆಟ್ ಇಡುವ ಜಾಗ ಎರಡು. ಒಂದು ಆ್ಯಂಟಿ (ಪಕ್ಕದ ಮನೆಯವರಲ್ಲ), ಇನ್ನೊಂದು ಪೇರ್ ಪ್ಲಸ್. ಎರಡೂ ಒಂದೇ ಮೂರು ಎಲೆಗಳ ಮೇಲೆ ನಿಂತಿದ್ದರೂ ಒಂದಕ್ಕೊಂದು ಸಂಬಂಧವಿಲ್ಲದ ಬೆಟ್‌ಗಳು. ಪೇರ್ ಪ್ಲಸ್‌ನಲ್ಲಿ ಡೀಲರ್ ಕೈ ಲೆಕ್ಕಕ್ಕೇ ಇಲ್ಲ. ನಿಮ್ಮ ಕೈಯಲ್ಲಿ ಜೋಡಿ ಅಥವಾ ಅದಕ್ಕಿಂತ ಒಳ್ಳೆಯದು ಬಂದರೆ ಪಟ್ಟಿಯಂತೆ ಹಣ, ಬಾರದಿದ್ದರೆ ಹೋಯಿತು. ನಿರ್ಧಾರ ಎಂಬುದೇ ಇಲ್ಲದ ಬೆಟ್ ಇದು. ಆದ್ದರಿಂದ ಜಾಣತನ ತೋರಿಸಲು ಇರುವ ಸಂದರ್ಭ ಒಂದೇ, ಚಿಪ್ ಇಡುವ ಮೊದಲು ಪಟ್ಟಿ ಓದುವುದು.

ಲೆಕ್ಕ ಹೀಗೆ ಮಾಡಿ. 52 ಎಲೆಗಳಿಂದ ಮೂರನ್ನು ಆರಿಸಿದರೆ ಒಟ್ಟು 22,100 ಬೇರೆ ಬೇರೆ ಕೈಗಳು ಸಾಧ್ಯ. ಪ್ರತಿ ಕೈಯೂ ಒಂದೊಂದು ಸಲ ನಿಮಗೆ ಬಂತು, ಪ್ರತಿ ಸಲವೂ ಪೇರ್ ಪ್ಲಸ್ ಮೇಲೆ ಒಂದು ರೂಪಾಯಿ ಇಟ್ಟಿರಿ ಅಂದುಕೊಳ್ಳಿ. ಇವುಗಳಲ್ಲಿ 16,440 ಕೈಗಳಲ್ಲಿ ಜೋಡಿಯೂ ಇರುವುದಿಲ್ಲ. ಅಷ್ಟು ರೂಪಾಯಿ ಕ್ಯಾಸಿನೊಗೆ ಹೋಯಿತು. ಉಳಿದವುಗಳಲ್ಲಿ ಜೋಡಿ 3,744, ಫ್ಲಶ್ 1,096, ಸೀಕ್ವೆನ್ಸ್ 720, ಟ್ರಯಲ್ 52, ಸ್ಟ್ರೇಟ್ ಫ್ಲಶ್ 48. ಹಳೆಯ ಪಟ್ಟಿಯಲ್ಲಿ ಜೋಡಿಗೆ ಒಂದಕ್ಕೆ ಒಂದು, ಫ್ಲಶ್‌ಗೆ ನಾಲ್ಕು, ಸೀಕ್ವೆನ್ಸ್‌ಗೆ ಆರು, ಟ್ರಯಲ್‌ಗೆ ಮೂವತ್ತು, ಸ್ಟ್ರೇಟ್ ಫ್ಲಶ್‌ಗೆ ನಲವತ್ತು. ಗುಣಿಸಿ ಕೂಡಿದರೆ ನಿಮ್ಮ ಗೆಲುವು 15,928 ರೂಪಾಯಿ. ಸೋತದ್ದು 16,440. ವ್ಯತ್ಯಾಸ 512. ಅದನ್ನು 22,100ರಿಂದ ಭಾಗಿಸಿದರೆ ಶೇ 2.32. ಇದು ಕ್ಯಾಸಿನೊದವರ ಪಾಲು, ಅಂದರೆ ಹೌಸ್ ಎಡ್ಜ್. ಕ್ಯಾಸಿನೊದ ಮಟ್ಟಿಗೆ ತೀರಾ ಕೆಟ್ಟದ್ದೇನಲ್ಲ.

ಈಗ ಫ್ಲಶ್ ಸಾಲಿನ ನಾಲ್ಕನ್ನು ಮೂರು ಮಾಡಿ. ಬೇರೇನನ್ನೂ ಮುಟ್ಟಬೇಡಿ. ಫ್ಲಶ್‌ಗಳು 1,096 ಇರುವುದರಿಂದ ಸರಿಯಾಗಿ 1,096 ರೂಪಾಯಿ ನಿಮ್ಮ ಗೆಲುವಿನಿಂದ ಕಳಚಿತು. 512 ಇದ್ದ ನಷ್ಟ 1,608 ಆಯಿತು. ಶೇಕಡಾವಾರು 2.32 ಇದ್ದದ್ದು 7.28ಕ್ಕೆ ಏರಿತು. ಟೇಬಲ್ ಅದೇ, ಎಲೆ ಅದೇ, ಬೆಲೆ ಮಾತ್ರ ಮೂರು ಪಟ್ಟು.

ಜನ ಇದನ್ನು ನಂಬುವುದಿಲ್ಲ. ‘ಫ್ಲಶ್‌ಗೆ ಒಂದು ಕಡಿಮೆ ಮಾಡಿದ್ದಾರೆ ನಿಜ, ಆದರೆ ಮೇಲಿನ ಸಾಲಿನಲ್ಲಿ ಜಾಸ್ತಿ ಕೊಡುತ್ತಾರಲ್ಲ’ ಎಂದು ವಾದಿಸುತ್ತಾರೆ. ಸರಿ, ಕೊಡಲಿ. ಸ್ಟ್ರೇಟ್ ಫ್ಲಶ್‌ಗೆ ನಲವತ್ತರ ಬದಲು ಐವತ್ತು ಕೊಟ್ಟರು ಅಂತಿಟ್ಟುಕೊಳ್ಳಿ. ಅಂಥ ಕೈಗಳು ಇರುವುದೇ 48. ಹತ್ತರಂತೆ 480 ರೂಪಾಯಿ ನಿಮಗೆ ಹಿಂದಿರುಗಿತು, ಕಿತ್ತುಕೊಂಡದ್ದು 1,096. ಪಟ್ಟಿ ಮೊದಲಿಗಿಂತ ಉದಾರವಾಗಿ ಕಾಣುತ್ತದೆ, ಎಡ್ಜ್ ಮಾತ್ರ ಶೇ 5.1. ದೊಡ್ಡ ಅಂಕಿ ಇರುವ ಸಾಲು ಅಪರೂಪದ ಸಾಲು. ಹಣ ಸೋರುವುದು ಆಗಾಗ ಬರುವ ಸಾಲುಗಳಿಂದ, ಅದರಲ್ಲೂ ಫ್ಲಶ್‌ನಿಂದ. ಐದೆಲೆ ಪೋಕರ್ ಆಡಿದವರಿಗೆ ಫ್ಲಶ್ ಎಂದರೆ ಸೀಕ್ವೆನ್ಸ್‌ಗಿಂತ ಅಪರೂಪದ್ದು ಎಂಬ ಅಭ್ಯಾಸ. ಮೂರೆಲೆಯಲ್ಲಿ ಅದು ತಿರುಗುಮುರುಗು. ಆ ಸಾಲಿನ ಮೇಲೆ ಕಣ್ಣು ಹಾಯದಿರಲು ಇದೂ ಒಂದು ಕಾರಣ ಇರಬಹುದು.

ಪಟ್ಟಿಯನ್ನು ಸಾಮಾನ್ಯವಾಗಿ ಟೇಬಲ್ಲಿನ ಬಟ್ಟೆಯ ಮೇಲೆ, ಬೆಟ್ ಇಡುವ ವೃತ್ತದ ಹತ್ತಿರವೇ ಅಚ್ಚು ಹಾಕಿರುತ್ತಾರೆ. ಕಾಣದಿದ್ದರೆ ಡೀಲರನ್ನು ಕೇಳಿ, ಹೇಳುತ್ತಾರೆ. ಅಲ್ಲಿ ಮೂರು ಇದ್ದರೆ ಪೇರ್ ಪ್ಲಸ್ ವೃತ್ತ ಖಾಲಿ ಬಿಟ್ಟು ಆ್ಯಂಟಿ ಒಂದನ್ನೇ ಆಡಬಹುದು.

ಆ್ಯಂಟಿ ಕಡೆಗೆ ಬಂದರೆ ಇಲ್ಲಿ ಒಂದು ನಿರ್ಧಾರವಿದೆ. ಎಲೆ ನೋಡಿ ಫೋಲ್ಡ್ ಮಾಡಿ ಆ್ಯಂಟಿ ಬಿಟ್ಟುಕೊಡಬಹುದು, ಅಥವಾ ಅಷ್ಟೇ ಹಣವನ್ನು ಪ್ಲೇ ಬೆಟ್ ಆಗಿ ಇಟ್ಟು ಮುಂದುವರಿಯಬಹುದು. ಡೀಲರ್ ಕೈಯಲ್ಲಿ ಕನಿಷ್ಠ ಒಂದು ರಾಣಿಯಾದರೂ ಇರಬೇಕು, ಇಲ್ಲವೇ ಅದಕ್ಕಿಂತ ಮೇಲಿನದು. ಇಲ್ಲದಿದ್ದರೆ ಡೀಲರ್ ಕ್ವಾಲಿಫೈ ಆಗಲಿಲ್ಲ ಎಂದರ್ಥ. ಆಗ ನಿಮ್ಮ ಆ್ಯಂಟಿಗೆ ಅಷ್ಟೇ ಹಣ ಸಿಗುತ್ತದೆ, ಪ್ಲೇ ಬೆಟ್ ಹಾಗೇ ವಾಪಸ್.

‘ಡೀಲರ್ ಹೇಗೂ ಆಗಾಗ ಕ್ವಾಲಿಫೈ ಆಗುವುದಿಲ್ಲ, ಬಿಟ್ಟುಕೊಡುವುದು ಯಾಕೆ’ ಎಂದು ಪ್ರತಿ ಕೈಗೂ ಪ್ಲೇ ಇಡುವವರಿದ್ದಾರೆ. ಕೈಯಲ್ಲಿ 7-5-2, ಬೇರೆ ಬೇರೆ ಜಾತಿ, ಆ್ಯಂಟಿ ₹500 ಎಂದು ತೆಗೆದುಕೊಳ್ಳಿ. ಸಾಮಾನ್ಯವಾಗಿ ನೂರರಲ್ಲಿ 30 ಸಲ ಡೀಲರ್ ತಪ್ಪುತ್ತಾನೆ. ಆದರೆ ಮೂರು ಸಣ್ಣ ಎಲೆಗಳು ನಿಮ್ಮ ಕೈಯಲ್ಲೇ ಕೂತಿವೆ, ಅವು ಡೀಲರ್‌ಗೆ ಹೋಗಲಾರವು. ಹಾಗಾಗಿ ಅವನು ತಪ್ಪುವುದು ಸುಮಾರು 29 ಸಲ. ಆ 29 ಸಲ ನಿಮಗೆ ತಲಾ ಒಂದು ಆ್ಯಂಟಿ. ಉಳಿದ 71 ಸಲ ಆ್ಯಂಟಿಯೂ ಪ್ಲೇಯೂ ಹೋಗಿ ತಲಾ ಎರಡು ನಷ್ಟ, ಒಟ್ಟು 142. ಕಳೆದರೆ ನೂರು ಕೈಗೆ ನಷ್ಟ 113 ಆ್ಯಂಟಿ. ಸುಮ್ಮನೆ ಫೋಲ್ಡ್ ಮಾಡಿದ್ದರೆ ನೂರು. ಅಂದರೆ ಪ್ರತಿ ಸಲ ಈ ಧೈರ್ಯಕ್ಕೆ ಸುಮಾರು ₹65 ದಂಡ.

ಎಲ್ಲಿ ಗೆರೆ ಎಳೆಯಬೇಕು? ರಾಣಿ-6-4ರಲ್ಲಿ. ಅದು ಅಥವಾ ಅದಕ್ಕಿಂತ ದೊಡ್ಡದು ಬಂದರೆ ಪ್ಲೇ, ಚಿಕ್ಕದಾದರೆ ಫೋಲ್ಡ್. ರಾಣಿ-6-4 ಇಟ್ಟುಕೊಂಡು ಮುಂದುವರಿದರೂ ಸರಾಸರಿ ಸೋಲೇ, ಆದರೆ ಆ ಸೋಲು ಒಂದು ಆ್ಯಂಟಿಗಿಂತ ಕೂದಲೆಳೆಯಷ್ಟು ಕಡಿಮೆ. ಹೋಲಿಸುವುದು ಮೇಲಿನಿಂದ ಕೆಳಕ್ಕೆ ಎಂಬುದನ್ನು ಮರೆಯುವವರೂ ಇದ್ದಾರೆ. ರಾಣಿ-7-2 ಬಂದಾಗ 2 ನೋಡಿ ಕೈ ಚೆಲ್ಲುತ್ತಾರೆ. ಎರಡನೆಯ ಎಲೆ 7 ಇದ್ದಮೇಲೆ ಮೂರನೆಯದನ್ನು ನೋಡುವ ಅಗತ್ಯವೇ ಇಲ್ಲ. ರಾಜನೋ ಎಕ್ಕವೋ ಇದ್ದರೆ ಎರಡನೆಯದನ್ನೂ ನೋಡಬೇಕಿಲ್ಲ. ಈ ಗೆರೆ ಪಾಲಿಸಿದರೆ ಆ್ಯಂಟಿಯ ಮೇಲೆ ಎಡ್ಜ್ ಶೇ 3.37. ‘ರಾಣಿ ಇದ್ದರೆ ಸಾಕು, ಆಡುತ್ತೇನೆ’ ಎಂದರೆ 3.45, ಅದೇನೂ ದೊಡ್ಡ ಪಾಪವಲ್ಲ. ನೋಡದೇ ಎಲ್ಲಕ್ಕೂ ಪ್ಲೇ ಇಟ್ಟರೆ 7.65.

ಈ ಅಂಕಿಗಳು ನಿಲ್ಲುವುದು ಆ್ಯಂಟಿ ಬೋನಸ್ 5-4-1 ಇದ್ದಾಗ. ಸ್ಟ್ರೇಟ್ ಫ್ಲಶ್‌ಗೆ ಐದು, ಟ್ರಯಲ್‌ಗೆ ನಾಲ್ಕು, ಸೀಕ್ವೆನ್ಸ್‌ಗೆ ಒಂದು, ಡೀಲರ್ ಗೆದ್ದರೂ ಸಿಗುವ ಹಣ. ಅದು 3-2-1 ಆದರೆ ಎಡ್ಜ್ 4.28.

ಇನ್ನು ಹೋಲಿಕೆ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಲ್ಲಿಗೆ: ಶೇಕಡಾ ಎಂದಾಗ ಯಾವ ನೂರರ ಮೇಲೆ ಎಂದು ಕೇಳುವುದಿಲ್ಲ. 3.37 ಎಂಬುದು ಆ್ಯಂಟಿಯ ಮೇಲೆ ಮಾತ್ರ ಹಾಕಿದ ಲೆಕ್ಕ. ಆದರೆ ನೂರರಲ್ಲಿ 67 ಕೈಗಳಿಗೆ ನೀವು ಇನ್ನೊಂದು ಅಷ್ಟೇ ಬೆಟ್ ಇಡುತ್ತೀರಿ. ಸರಾಸರಿ ಪ್ರತಿ ಕೈಗೆ ಟೇಬಲ್ ಮೇಲೆ ಬರುವುದು 1.67 ಆ್ಯಂಟಿ. ಆ ಪೂರ್ತಿ ಹಣದ ಮೇಲೆ ನೋಡಿದರೆ ಎಡ್ಜ್ ಶೇ 2.01. ಕೆರಿಬಿಯನ್ ಸ್ಟಡ್ ಎಂಬ ಐದೆಲೆ ಪೋಕರ್‌ನದ್ದು ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ಆ್ಯಂಟಿ ಮೇಲೆ 5.22. ಎರಡು ಸೊನ್ನೆಯ ರೂಲೆಟ್ 5.26. ಎರಡೂ ಒಂದೇ ಎಂದು ಹೇಳಿಬಿಡುತ್ತಾರೆ. ಅಲ್ಲ. ಸ್ಟಡ್‌ನಲ್ಲಿ ಮುಂದುವರಿಯಲು ಆ್ಯಂಟಿಯ ಎರಡು ಪಟ್ಟು ಇಡಬೇಕು, ಹಾಗಾಗಿ ಇಟ್ಟ ಒಟ್ಟು ಹಣದ ಮೇಲೆ ಅದು 2.56ಕ್ಕೆ ಇಳಿಯುತ್ತದೆ. ರೂಲೆಟ್‌ನಲ್ಲಿ ಎರಡನೆಯ ಬೆಟ್ ಎಂಬುದೇ ಇಲ್ಲ, 5.26 ಪೂರ್ತಿ 5.26. ಬ್ಯಾಕರಾಟ್‌ನ ಬ್ಯಾಂಕರ್ ಬೆಟ್‌ನ 1.06 ಕೂಡ ಹಾಗೇ, ಇಟ್ಟಷ್ಟರ ಮೇಲೆ. ನಮ್ಮ ಅಂದರ್ ಬಾಹರ್ ಕೂಡ ಇದೇ ಸಾಲಿಗೆ ಸೇರುತ್ತದೆ. ಮೊದಲ ಎಲೆ ಬೀಳುವ ಬದಿ ನೂರಕ್ಕೆ 51.5 ಸಲ ಗೆಲ್ಲುತ್ತದೆ. ಆ ಬದಿಗೆ ರೂಪಾಯಿಗೆ 90 ಪೈಸೆ ಕೊಡುವ ಟೇಬಲ್ಲಿನಲ್ಲಿ ಎಡ್ಜ್ 2.15.

ಆಟ ಆಟಕ್ಕೆ ಹೋಲಿಸುವಾಗ 2.01 ಹಿಡಿಯಿರಿ. ಸಂಜೆಗೆ ಎಷ್ಟು ಹೋಗಬಹುದು ಎಂದು ಲೆಕ್ಕ ಹಾಕುವಾಗ 3.37 ಹಿಡಿಯಿರಿ, ಏಕೆಂದರೆ ನಿಮಗೆ ಮೊದಲೇ ಗೊತ್ತಿರುವುದು ಆ್ಯಂಟಿ ಎಷ್ಟು ಎಂಬುದು ಮಾತ್ರ. ಗಂಟೆಗೆ 50 ಕೈ, ನಾಲ್ಕು ಗಂಟೆ, ಆ್ಯಂಟಿ ₹500, ಪೇರ್ ಪ್ಲಸ್ ₹500 ಎನ್ನಿ. 200 ಕೈಗಳಲ್ಲಿ ಆ್ಯಂಟಿ ಕಡೆಯ ಸರಾಸರಿ ನಷ್ಟ ₹3,370. ಪೇರ್ ಪ್ಲಸ್‌ನದ್ದು ಫ್ಲಶ್‌ಗೆ ನಾಲ್ಕು ಇದ್ದರೆ ಸುಮಾರು ₹2,320, ಮೂರು ಇದ್ದರೆ ₹7,280. ಇದು ಸರಾಸರಿ ಮಾತ್ರ. 200 ಕೈಯಲ್ಲಿ ಒಂದು ಟ್ರಯಲ್ ಬಂದರೆ ₹15,000 ಬಂದು ಲೆಕ್ಕ ಪೂರ್ತಿ ಬದಲಾಗಬಹುದು, ಬಾರದೆಯೂ ಹೋಗಬಹುದು. ಚಿಪ್ ಕೊಳ್ಳುವಾಗ ಬೀಳುವ ಜಿಎಸ್‌ಟಿ, ಡೀಲರ್‌ಗೆ ಕೊಡುವ ಟಿಪ್ಸ್ ಇದರಲ್ಲಿ ಸೇರಿಲ್ಲ.